ಆಶಾ ಕಾರ್ಯಕರ್ತೆಯರ ಮನೆ ಭೇಟಿ ಆ್ಯಪ್‌ಗೆ ಅನುದಾನ ಕೇಳುವ ಪತ್ರ: ಎಲ್ಲಿ ತಪ್ಪುತ್ತಿದೆ ಹೇಳಿ

ಬಿಸಿಲನಾಡು
ಎಲ್ಲರಿಗೂ ನಮಸ್ಕಾರ. ಕಲ್ಯಾಣ ಕರ್ನಾಟಕದ ಒಂದು ತಾಲೂಕಿನಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದಾಗ ಭೇಟಿಯ ವಿವರ ಬರೆದಿಡಲು ಒಂದು ಆ್ಯಪ್ ಮಾಡಿದ್ದೇವೆ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ, ಪೂರ್ತಿ ಕನ್ನಡದಲ್ಲಿದೆ. ಬೆಂಗಳೂರಿನ ಒಂದು ಕಂಪನಿಯ ಸಿಎಸ್‌ಆರ್ ವಿಭಾಗಕ್ಕೆ ಎರಡು ಪುಟದ ಪತ್ರ ಕಳಿಸಬೇಕು. ಹೋಗುವುದು ಇಂಗ್ಲಿಷಿನಲ್ಲೇ, ಕರಡನ್ನು ಮಾತ್ರ ಕನ್ನಡದಲ್ಲಿ ಬರೆದುಕೊಂಡಿದ್ದೇವೆ. ಮೊದಲ ಪ್ಯಾರಾ ಹೀಗಿದೆ:

"ಗ್ರಾಮೀಣ ಆರೋಗ್ಯ ವ್ಯವಸ್ಥೆಯಲ್ಲಿ ಡಿಜಿಟಲ್ ಕ್ರಾಂತಿ ತರುವ ಉದ್ದೇಶದಿಂದ ನಮ್ಮ ಸಂಸ್ಥೆ ಈ ಆ್ಯಪ್ ಅಭಿವೃದ್ಧಿಪಡಿಸಿದೆ. ಗರ್ಭಿಣಿಯರು, ಬಾಣಂತಿಯರು, ಮಕ್ಕಳು, ಕ್ಷಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಹೀಗೆ ಎಲ್ಲ ಮಾಹಿತಿಯನ್ನೂ ಒಂದೇ ಕಡೆ ದಾಖಲಿಸಬಹುದು. ಮುಂದಿನ 18 ತಿಂಗಳಲ್ಲಿ ಐದು ಜಿಲ್ಲೆಗಳ 5,000 ಆಶಾ ಕಾರ್ಯಕರ್ತೆಯರಿಗೆ ತಲುಪಿಸುವ ಗುರಿ ಇದೆ."

ಇದೇ ಥರದ ಪತ್ರ ಬೇರೆ ಕಡೆಗೂ ಹೋಗಿತ್ತು, ಉತ್ತರವೇ ಬರಲಿಲ್ಲ. ಏನು ಕೊರತೆ ಕಾಣುತ್ತದೆ? ನೇರವಾಗಿ ಹೇಳಿ.

ಹಳೇ ಕಡತ
ಪತ್ರಕ್ಕೆ ಸರಿಯಾದ ನಮೂನೆಯೇ ಇಲ್ಲವಲ್ಲ. "ಇಂದ", "ಗೆ", ಆಮೇಲೆ "ವಿಷಯ", "ಉಲ್ಲೇಖ", "ಮಾನ್ಯರೇ" ಬರಬೇಕು. ಪ್ರತಿಯನ್ನು ತಹಸೀಲ್ದಾರರಿಗೂ ಜಿಲ್ಲಾ ಪಂಚಾಯ್ತಿ ಸಿಇಒ ಅವರಿಗೂ ಹಾಕಿ. ಟಪಾಲಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಬಿಸಿಲನಾಡು
ಸರ್, ಇದು ಸರ್ಕಾರಕ್ಕೆ ಕೊಡುವ ಮನವಿ ಅಲ್ಲ. ಖಾಸಗಿ ಕಂಪನಿಗೆ ಕಳಿಸುವುದು. ಅಲ್ಲಿ ಮಾಹಿತಿ ಹಕ್ಕು ನಡೆಯಲ್ಲ.

ಹಳೇ ಕಡತ
ಓ, ಹಾಗೋ. ಆದರೂ "ವಿಷಯ" ಅಂತ ಒಂದು ಸಾಲು ಇರಲಿ. ಓದುವವರಿಗೆ ಮೊದಲ ನೋಟಕ್ಕೇ ಏನು ಬೇಕು, ಎಷ್ಟು ಬೇಕು ಅಂತ ತಿಳಿಯಬೇಕು. ನಿಮ್ಮ ಪ್ಯಾರಾದಲ್ಲಿ ಎಷ್ಟು ಹಣ ಅನ್ನುವುದೇ ಇಲ್ಲ.

ತುಂಗಾತೀರ
ಈ ಮಾತು ನಿಜ. ಮೊತ್ತ ಮೊದಲ ಪ್ಯಾರಾದಲ್ಲೇ ಬರಬೇಕು.

ನಾನು ಹಲವು ವರ್ಷ ಇಂಥ ಅರ್ಜಿಗಳನ್ನು ಓದುವ ಕಡೆ ಕೂತಿದ್ದೆ, ಈಗ ಬರೆಯುವ ಕಡೆ ಇದ್ದೇನೆ. ನಿಮ್ಮ ಪ್ಯಾರಾ ಓದಿದ ತಕ್ಷಣ ಅಲ್ಲಿನವರಿಗೆ ಬರುವ ಪ್ರಶ್ನೆ ಒಂದೇ: ತಾಯಿ-ಮಗುವಿನ ದಾಖಲೆಗೆ ಸರ್ಕಾರದ ಆರ್‌ಸಿಎಚ್ ಪೋರ್ಟಲ್ ಇದೆ, ಎಎನ್‌ಎಂಗಳಿಗೆ ಅನ್ಮೋಲ್ ಆ್ಯಪ್ ಇದೆ, ಆಶಾ ಕೈಯಲ್ಲಿ ಡೈರಿ ಇದೆ. ಇದರ ಮೇಲೆ ನಿಮ್ಮದೂ ಯಾಕೆ? ಇದಕ್ಕೆ ಪತ್ರದಲ್ಲಿ ಉತ್ತರ ಇಲ್ಲ. "ಎಲ್ಲ ಮಾಹಿತಿ ಒಂದೇ ಕಡೆ" ಎಂದು ಬಂದವರೆಲ್ಲ ಹೇಳುತ್ತಾರೆ.

ಎಲ್ಲವನ್ನೂ ಬಿಟ್ಟು ಒಂದೇ ಒಂದು ಭೇಟಿ ಆರಿಸಿಕೊಳ್ಳಿ. ಈಗ ತಪ್ಪಿಹೋಗುತ್ತಿರುವ, ನಿಮ್ಮ ಆ್ಯಪ್ ಇದ್ದರೆ ತಪ್ಪದಿರುವ ಭೇಟಿ ಯಾವುದು? ಅದು ಗೊತ್ತಾದರೆ ಪತ್ರ ತಾನಾಗಿ ಬರುತ್ತದೆ.

ಕೋಡಿಂಗ್ ಕಿಟ್ಟಿ
ನನ್ನದೊಂದು ಪ್ರಶ್ನೆ. ಆ್ಯಪ್ ಮೊದಲಿಂದ ಯಾಕೆ ಬರೆದಿರಿ? ಇಂಥ ಕೆಲಸಕ್ಕೆ ಸಿದ್ಧ ತಂತ್ರಾಂಶಗಳೇ ಇವೆ: ಓಡಿಕೆ ಇದೆ, ಕಾಮ್‌ಕೇರ್ ಇದೆ, ನಮ್ಮ ದೇಶದ್ದೇ ಅವ್ನಿ ಇದೆ. ಓಡಿಕೆ, ಅವ್ನಿ ಎರಡೂ ಓಪನ್ ಸೋರ್ಸ್. ಆಫ್‌ಲೈನ್ ಕೆಲಸ, ಸಿಂಕ್ ತೊಂದರೆಗಳನ್ನೆಲ್ಲ ಅವರು ಆಗಲೇ ಅನುಭವಿಸಿ ಸರಿಮಾಡಿದ್ದಾರೆ. ಫಂಡರ್ ಕಡೆ ಒಬ್ಬ ತಂತ್ರಜ್ಞ ಕೂತಿದ್ದರೆ ಇದನ್ನು ಕೇಳಿಯೇ ಕೇಳುತ್ತಾನೆ.

ಬಿಸಿಲನಾಡು
ನಾವು ಬಳಸಿರುವುದು ಅವ್ನಿಯನ್ನೇ. ಮೇಲೆ ನಮ್ಮ ಫಾರ್ಮುಗಳು, ನಿಯಮಗಳು ಅಷ್ಟೇ.

ಕೋಡಿಂಗ್ ಕಿಟ್ಟಿ
ಹಾಗಿದ್ದರೆ "ಅಭಿವೃದ್ಧಿಪಡಿಸಿದೆ" ಅನ್ನುವ ಪದ ತೆಗೆದು ಇದನ್ನೇ ಬರೆಯಿರಿ. ನಿಮಗೆ ಲಾಭವೇ. ನಾಳೆ ನಿಮ್ಮ ಟ್ರಸ್ಟ್ ನಿಂತುಹೋದರೂ ಇನ್ನೊಬ್ಬರು ಮುಂದುವರಿಸಬಹುದು ಅಂತ ಅವರಿಗೆ ಧೈರ್ಯ ಬರುತ್ತದೆ.

ಗಣಿತ ಮೇಷ್ಟ್ರು
ಗಡ್ಚಿರೋಲಿಯ ಅಂಕಿ ಹಾಕಿ. ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಅವರ ಕೆಲಸ. ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ಮನೆಗೇ ಕಳಿಸಿ ನವಜಾತ ಶಿಶುಗಳ ಸಾವನ್ನು ಶೇ 62ರಷ್ಟು ಇಳಿಸಿದರು. 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮನೆ ಭೇಟಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? "ನಮ್ಮ ಆ್ಯಪ್‌ನಿಂದಲೂ ಇಂಥ ಫಲ ನಿರೀಕ್ಷಿಸುತ್ತೇವೆ" ಎಂದರೆ ಯಾರೂ ಬೇಡ ಅನ್ನಲ್ಲ.

ತುಂಗಾತೀರ
ಮೇಷ್ಟ್ರೇ, ಅಂಕಿ ಸರಿ, ಆದರೆ ಇಲ್ಲಿ ಹಾಕುವುದು ಸರಿಯಲ್ಲ. ಗಡ್ಚಿರೋಲಿಯಲ್ಲಿ ಆ ಹೆಂಗಸರು ಭೇಟಿ ಕೊಟ್ಟು ಬರೆದುಕೊಂಡು ಬರಲಿಲ್ಲ. ಮಗುವಿಗೆ ನಂಜಾಗಿರುವುದನ್ನು ಗುರುತಿಸಿ ಮನೆಯಲ್ಲೇ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಡುತ್ತಿದ್ದರು. ಮೇಲೆ ಕಟ್ಟುನಿಟ್ಟಿನ ಮೇಲ್ವಿಚಾರಣೆ ಇತ್ತು. ಆ ಫಲ ಚಿಕಿತ್ಸೆಯದೂ ಹೌದು. ದಾಖಲೆ ಇಡುವ ಆ್ಯಪ್ ಅದನ್ನು ತನ್ನದು ಅನ್ನುವಂತಿಲ್ಲ. ಓದುವವರಲ್ಲಿ ಒಬ್ಬ ವೈದ್ಯರಿದ್ದರೆ ಪತ್ರ ಅಲ್ಲಿಗೇ ಪಕ್ಕಕ್ಕೆ ಹೋಗುತ್ತದೆ.

ಇನ್ನೊಂದು ವಿಷಯ. ಒಂದು ತಾಲೂಕಿನಲ್ಲಿ ಒಂದು ವರ್ಷದಲ್ಲಿ ಶಿಶು ಮರಣದ ವ್ಯತ್ಯಾಸ ತೋರಿಸುವುದು ಆಗದ ಮಾತು. ಸಂಖ್ಯೆ ಅಷ್ಟು ಸಣ್ಣದು, ಒಂದೆರಡು ಸಾವು ಆಚೀಚೆ ಆದರೂ ಶೇಕಡಾ ಹಾರಾಡುತ್ತದೆ. ನಿಮ್ಮ ಕೈಲಿ ಅಳೆಯಲು ಆಗುವುದನ್ನೇ ಮಾತು ಕೊಡಿ: ಆಗಬೇಕಾದ ಭೇಟಿ ಆ ದಿನಕ್ಕೆ ಆಯಿತಾ ಇಲ್ಲವಾ.

ಗಣಿತ ಮೇಷ್ಟ್ರು
ಹಿನ್ನೆಲೆಗಾದರೂ ಒಂದು ಸಾಲು ಇರಬಹುದಲ್ವಾ? ಮನೆ ಭೇಟಿಯ ಯೋಜನೆ ದೇಶಕ್ಕೆಲ್ಲ ಬಂದಿದ್ದೇ ಅದರಿಂದ.

ತುಂಗಾತೀರ
ಒಂದು ಸಾಲು ಇರಲಿ, "ಮನೆ ಭೇಟಿ ಯಾಕೆ" ಎಂಬುದಕ್ಕೆ. "ಆ್ಯಪ್ ಯಾಕೆ" ಎಂಬುದಕ್ಕೆ ಬೇಡ.

ಆಶಾಳ ಮಗಳು
ನಮ್ಮ ಅಮ್ಮ ಆಶಾ. ಸುಮ್ನೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಆ್ಯಪ್ ಅಂದರೆ ಅಮ್ಮನಂಥವರಿಗೆ ಇನ್ನೊಂದು ಸಲ ಬರೆಯುವ ಕೆಲಸ. ಹಗಲು ಡೈರಿಯಲ್ಲಿ ಬರೆಯುತ್ತಾರೆ, ರಾತ್ರಿ ಊಟ ಆದಮೇಲೆ ನನ್ನ ಫೋನು ತಗೊಂಡು ತುಂಬುತ್ತಾರೆ. ರೀಚಾರ್ಜ್ ಅವರದೇ. ಪತ್ರದಲ್ಲಿ ಆಶಾಗೆ ಏನು ಸಿಗುತ್ತದೆ ಅನ್ನುವುದು ಒಂದು ಸಾಲೂ ಇಲ್ಲ.

ಮತ್ತೆ ನೀವು ಒಂದು ಭೇಟಿ ಆರಿಸಿ ಅಂದಿರಲ್ಲ. ಅಮ್ಮ ಜಾಸ್ತಿ ಒದ್ದಾಡುವುದು ತವರಿಗೆ ಹೋದವರ ವಿಷಯದಲ್ಲಿ. ಎಂಟು ತಿಂಗಳೂ ಗರ್ಭಿಣಿಯನ್ನು ಇವರು ನೋಡಿಕೊಂಡಿರುತ್ತಾರೆ. ಚೊಚ್ಚಲು ಹೆರಿಗೆಗೆ ಅವಳು ತವರಿಗೆ ಹೋಗುತ್ತಾಳೆ. ಮಗು ಹುಟ್ಟಿದ್ದು ಗೊತ್ತಾಗುವುದೇ ಅತ್ತೆ ಮನೆಯವರು ಪೇಡೆ ಹಂಚಿದಾಗ. ಅಲ್ಲಿನ ಆಶಾಗೆ ಇವಳು ಬಂದಿರುವುದೇ ಗೊತ್ತಿರಲ್ಲ, ಅವಳ ಪಟ್ಟಿಯಲ್ಲಿ ಹೆಸರಿಲ್ಲ. ಮೊದಲ ತಿಂಗಳು ಯಾರೂ ಹೋಗಿರುವುದಿಲ್ಲ. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಗಂಡನ ಮನೆಗೆ ವಾಪಸ್ ಬಂದಾಗ ಅಮ್ಮ ತಾಯಿ ಕಾರ್ಡ್ ತೆಗೆದು ನೋಡಿದರೆ ಆ ಪುಟ ಖಾಲಿ.

ಬಿಸಿಲನಾಡು
ಮೇಡಂ, ಇದು ನಮ್ಮ ತಾಲೂಕಿನಲ್ಲೂ ದಿನಾ ಕೇಳುವ ದೂರು. ಆದರೆ ಇದು ರೂಢಿಯ ಸಮಸ್ಯೆ, ಆ್ಯಪ್‌ನದಲ್ಲ ಅಂತ ಪತ್ರದಿಂದ ಹೊರಗಿಟ್ಟಿದ್ದೆವು.

ತುಂಗಾತೀರ
ಬಿಸಿಲನಾಡು, ನಿಮ್ಮ ಪತ್ರ ಇಲ್ಲೇ ಇದೆ. ಆಶಾಳ ಮಗಳು ಹೇಳಿದ್ದನ್ನು ಇನ್ನೊಮ್ಮೆ ಓದಿ.

ಆಸ್ಪತ್ರೆಯಲ್ಲಿ ಹೆರಿಗೆ ಆದರೆ ಆಶಾ ಆರು ಸಲ ಹೋಗಬೇಕು: 3, 7, 14, 21, 28, 42ನೇ ದಿನ. ಹೋದಾಗ ತೂಕ ನೋಡಬೇಕು, ಮೈ ತಣ್ಣಗಿದೆಯಾ ನೋಡಬೇಕು, ಒಂದು ನಿಮಿಷದ ಉಸಿರು ಎಣಿಸಬೇಕು. 60 ಅಥವಾ ಅದಕ್ಕೂ ಹೆಚ್ಚಿದ್ದರೆ ಆಸ್ಪತ್ರೆಗೆ. ಪುಟ್ಟ ಮಕ್ಕಳ ಸಾವು ಜಾಸ್ತಿ ಆಗುವುದು ಮೊದಲ ವಾರದಲ್ಲಿ. ಅದೇ ವಾರ ಬಾಣಂತಿ ಒಬ್ಬ ಆಶಾಳ ಪಟ್ಟಿಯಲ್ಲಿ, ಮಗು ಇನ್ನೊಬ್ಬಳ ಊರಿನಲ್ಲಿ. ಈ ಕೈಯಿಂದ ಆ ಕೈಗೆ ದಾಟಿಸುವ ಕೆಲಸ ಡೈರಿಯಿಂದ ಆಗುವುದಿಲ್ಲ. ಫೋನಿನಿಂದ ಆಗುತ್ತದೆ. "ಡೈರಿ ಇರುವಾಗ ಆ್ಯಪ್ ಯಾಕೆ" ಎಂಬುದಕ್ಕೆ ನಿಮ್ಮ ಉತ್ತರ ಇದೇ.

ಈಗ ಗಾತ್ರದ ಲೆಕ್ಕ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ ಅಂತ ಇಟ್ಟುಕೊಳ್ಳಿ. ಸಾವಿರಕ್ಕೆ ಒಬ್ಬರಂತೆ 30 ಆಶಾ. ವರ್ಷಕ್ಕೆ ಸಾವಿರ ಜನಕ್ಕೆ 17 ಹೆರಿಗೆ ಎಂದು ಹಿಡಿದರೆ 510 ಹೆರಿಗೆ, ಅಂದರೆ ತಿಂಗಳಿಗೆ ನಲವತ್ತರ ಆಸುಪಾಸು. ಒಬ್ಬ ಆಶಾಗೆ ವರ್ಷಕ್ಕೆ 17 ಮಗು, ಆರು ಭೇಟಿಯಂತೆ 102 ಭೇಟಿ. ವಾರಕ್ಕೆ ಎರಡು. ಇಷ್ಟು ಸಣ್ಣ ಕೆಲಸಕ್ಕೆ ಆ್ಯಪ್ ಹೊರೆಯಾಗಲ್ಲ ಅಂತ ಧೈರ್ಯವಾಗಿ ಬರೆಯಬಹುದು. ಕ್ಷಯ, ಸಕ್ಕರೆ, ಬಿಪಿ ಎಲ್ಲ ಸೇರಿಸಿದರೆ ಆ ಮಾತು ಹೇಳಲು ಆಗಲ್ಲ.

ನಿಮ್ಮ ಒಂದು ಕೇಂದ್ರದ ಒಂದು ಹಳೆಯ ತಿಂಗಳ ಹೆರಿಗೆ ಪಟ್ಟಿ ತೆಗೆಯಿರಿ. ಎಷ್ಟು ಜನ ತವರಿನಲ್ಲಿದ್ದರು, ಅವರಲ್ಲಿ ಎಷ್ಟು ಮಕ್ಕಳಿಗೆ ಏಳನೇ ದಿನದ ಭೇಟಿ ಆಗಿದೆ ನೋಡಿ. ಮೂರನೇ ದಿನದ್ದು ಬೇಡ. ಸಿಸೇರಿಯನ್ ಆದವರು ಆ ದಿನ ಆಸ್ಪತ್ರೆಯಲ್ಲೇ ಇರುತ್ತಾರೆ, ಸುಮ್ನೆ ಲೆಕ್ಕ ಕೆಡುತ್ತದೆ.

ಕಾಫಿ ಕಣಿವೆ
ಈ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಸಿಗುತ್ತಾ? ನಮ್ಮ ತಂದೆಯ ಬಿಪಿ ಬರೆದಿಡಬೇಕಿತ್ತು.

ಕೋಡಿಂಗ್ ಕಿಟ್ಟಿ
ಅದು ಬೇರೆ ಥರದ ಆ್ಯಪ್ ಅಣ್ಣ. ಇದು ಆಶಾ ಕಾರ್ಯಕರ್ತೆಯರಿಗೆ ಮಾತ್ರ, ಲಾಗಿನ್ ಬೇಕು.

ಲೆಕ್ಕಪತ್ರ
ಹಣದ ಭಾಗಕ್ಕೆ ಬರುತ್ತೇನೆ. ಸಿಎಸ್‌ಆರ್ ದುಡ್ಡಿನಲ್ಲಿ ಆಡಳಿತ ವೆಚ್ಚ ಶೇ 5 ದಾಟುವಂತಿಲ್ಲ, ಕಾನೂನೇ ಇದೆ. ಹಾಗಾಗಿ ನಿಮ್ಮ ಸಂಬಳ, ಬಾಡಿಗೆ, ಆಡಿಟ್ ಎಲ್ಲ ಸೇರಿ ಶೇ 5ರೊಳಗೆ ತೋರಿಸಿ. ಇಲ್ಲಾಂದ್ರೆ ತಿರಸ್ಕಾರ ಗ್ಯಾರಂಟಿ. ಸಿಎಸ್‌ಆರ್-1 ನೋಂದಣಿ ಸಂಖ್ಯೆ ಪತ್ರದಲ್ಲೇ ಹಾಕಿ. 2021ರ ಏಪ್ರಿಲ್‌ನಿಂದ ಅದಿಲ್ಲದೆ ಹಣ ಬರಲ್ಲ.

ತುಂಗಾತೀರ
ಸಿಎಸ್‌ಆರ್-1 ಮಾತು ಸರಿ. ಶೇ 5 ಮಾತ್ರ ಹಾಗಲ್ಲ. ಆ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಕೆಲಸ ಮಾಡುವ ಸಂಸ್ಥೆಯ ಸಂಬಳಕ್ಕಲ್ಲ. ಹಳ್ಳಿಯಲ್ಲಿ ಆಶಾ ಜೊತೆ ಓಡಾಡುವ ಹುಡುಗಿಯ ಸಂಬಳ ಯೋಜನೆಯ ವೆಚ್ಚವೇ. ಎಷ್ಟೋ ಟ್ರಸ್ಟುಗಳು ಹೆದರಿ ಆ ಸಂಬಳವನ್ನೇ ಕಡಿಮೆ ತೋರಿಸಿ ಆರನೇ ತಿಂಗಳಿಗೆ ಜನ ಇಲ್ಲದೆ ನಿಲ್ಲುತ್ತವೆ. ಕೆಲವು ಕಂಪನಿಗಳು ಸ್ವಂತ ನಿಯಮವಾಗಿ ಒಂದು ಮಿತಿ ಇಟ್ಟುಕೊಂಡಿರುತ್ತವೆ. ಅದನ್ನು ಮೊದಲೇ ಕೇಳಿ.

ಲೆಕ್ಕಪತ್ರ
ನನಗೆ ಒಬ್ಬ ಆಡಿಟರೇ ಹೀಗೆ ಹೇಳಿದ್ದರು. ವಿದೇಶಿ ದೇಣಿಗೆಯಲ್ಲಿ ಶೇ 20 ಇದೆಯಲ್ಲ?

ತುಂಗಾತೀರ
ಎಫ್‌ಸಿಆರ್‌ಎಯಲ್ಲಿ ಇದೆ. 2020ರ ತಿದ್ದುಪಡಿಯಲ್ಲಿ 50ರಿಂದ 20ಕ್ಕೆ ಇಳಿಸಿದರು, ಅದು ಸಂಸ್ಥೆಗೇ ಅನ್ವಯ. ಎರಡನ್ನೂ ಬೆರೆಸಿ ಹೇಳುವವರು ತುಂಬ ಇದ್ದಾರೆ.

ಆಶಾಳ ಮಗಳು
ಬಜೆಟ್‌ನಲ್ಲಿ ಆಶಾಗಳ ರೀಚಾರ್ಜ್ ಇದೆಯಾ? ತರಬೇತಿಗೆ ಬಂದ ದಿನದ ಬಸ್ ಚಾರ್ಜು, ಊಟ?

ಬಿಸಿಲನಾಡು
ತರಬೇತಿಗೆ ಊಟ ಇದೆ. ರೀಚಾರ್ಜ್ ಇಲ್ಲ.

ತುಂಗಾತೀರ
ಸೇರಿಸಿ. 5,000 ಆಶಾ ಮರೆತುಬಿಡಿ, ಒಂದು ತಾಲೂಕು, 200 ಆಶಾ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 200 ರೂಪಾಯಿಯಂತೆ ವರ್ಷಕ್ಕೆ 4,80,000. ದೊಡ್ಡದಾಗಿ ಕಾಣುತ್ತದೆ, ಆದರೆ ಈ ಸಾಲು ಇದ್ದರೆ ನಿಮಗೆ ನೆಲ ಗೊತ್ತು ಅಂತ ಓದುವವರಿಗೆ ತಿಳಿಯುತ್ತದೆ. ಇದನ್ನು ಕತ್ತರಿಸಿ ಅಂದರೆ ಬೇರೆ ಏನಾದರೂ ಕತ್ತರಿಸಿ.

ಫೀಲ್ಡ್ ಮೇಲ್ವಿಚಾರಕಿ
ನಾನು ಇನ್ನೊಂದು ಜಿಲ್ಲೆಯಲ್ಲಿ ಇಂಥದ್ದೇ ಕೆಲಸ ನೋಡಿಕೊಳ್ಳುತ್ತೇನೆ. ಎರಡು ವಿಷಯ ಹೇಳಬೇಕು.

ಒಂದು, ಒಂದೇ ಆರೋಗ್ಯ ಕೇಂದ್ರದಲ್ಲಿ ಪ್ರಯೋಗ ಮಾಡಿದರೆ ತವರಿನ ಸಮಸ್ಯೆ ಬಗೆಹರಿಯಲ್ಲ. ಹೆಣ್ಣು ಕೊಟ್ಟು ತರುವುದು ಪಕ್ಕದ ಹೋಬಳಿ, ಪಕ್ಕದ ತಾಲೂಕಿನವರೆಗೂ ಇರುತ್ತದೆ. ಅಲ್ಲಿನ ಆಶಾ ಕೈಯಲ್ಲಿ ನಿಮ್ಮ ಆ್ಯಪ್ ಇಲ್ಲದಿದ್ದರೆ ಸಂದೇಶ ಎಲ್ಲಿಗೆ ಹೋಗುತ್ತದೆ? ಹಾಗಾಗಿ ತಾಲೂಕು ಪೂರ್ತಿ ತಗೊಳ್ಳಿ. ಹೊರಗೆ ಹೋದವರಿಗೆ ಆ ಊರಿನ ಉಪಕೇಂದ್ರಕ್ಕೆ ಫೋನ್ ಮಾಡುವ ಒಬ್ಬರನ್ನು ಇಡಿ. ಆಗಲೂ ಕೆಲವರು ತಪ್ಪಿಹೋಗುತ್ತಾರೆ. ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವರು ಸಿಗುವುದೇ ಇಲ್ಲ. ಅದನ್ನೂ ಪತ್ರದಲ್ಲಿ ಬರೆಯಿರಿ.

ಎರಡು, ಭೇಟಿ ನಿಜವಾಗಿ ಆಗಿದೆಯಾ ಅಂತ ಹೇಗೆ ತಿಳಿಯುತ್ತೀರಿ? ನಾವು ತೂಕದ ಕಾಲಂ ನೋಡುತ್ತೇವೆ. ಜೋಳಿಗೆಯಲ್ಲಿ ಮಗು ಮಲಗಿಸಿ ತೂಗಿದರೆ 2.3, 2.6, 2.8 ಹೀಗೆ ಬಿಡಿಬಿಡಿ ಸಂಖ್ಯೆ ಬರುತ್ತವೆ. ಒಂದು ಊರಿನಲ್ಲಿ ಎಲ್ಲ ಮಕ್ಕಳೂ 2.5 ಅಂತ ಬಂದರೆ ತಕ್ಕಡಿ ಚೀಲದಿಂದ ಹೊರಗೆ ಬಂದಿಲ್ಲ ಅಂತಲೇ ಅರ್ಥ. 2.5ಕ್ಕಿಂತ ಕಡಿಮೆ ಬರೆದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಸರಿಯಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ತಿಂಗಳ ಕೊನೆಯ ಎರಡು ದಿನ ಎಲ್ಲ ದಾಖಲೆ ಒಟ್ಟಿಗೆ ಬಂದರೂ ಅನುಮಾನ ಪಡಿ. ಆಗ ಬೈಯದೆ ತಕ್ಕಡಿ ಕೆಟ್ಟಿದೆಯಾ ಅಂತ ಮೊದಲು ಕೇಳಿ, ಬಹಳ ಸಲ ಕೆಟ್ಟಿರುತ್ತದೆ.

ಕೋಡಿಂಗ್ ಕಿಟ್ಟಿ
ಜಿಪಿಎಸ್ ಹಾಕಿದರೆ ಮುಗಿಯಿತಲ್ಲ? ಮನೆ ಮುಂದೆ ನಿಂತಾಗ ಮಾತ್ರ ಫಾರ್ಮ್ ತೆರೆಯುವ ಹಾಗೆ ಮಾಡಬಹುದು.

ಆಶಾಳ ಮಗಳು
ದಯವಿಟ್ಟು ಬೇಡ. ಅಮ್ಮ ಅಲ್ಲಿ ಮಗು ನೋಡುತ್ತಾರಾ, ಜಿಪಿಎಸ್ ಹಿಡಿಯುತ್ತದಾ ಅಂತ ಅಂಗಳದಲ್ಲಿ ನಿಲ್ಲುತ್ತಾರಾ? ಕೆಲವು ಮನೆಯಲ್ಲಿ ಫೋನ್ ಹೊರಗೆ ತೆಗೆದರೇ ಮುದುಕಿಯರು ಸಿಟ್ಟಾಗುತ್ತಾರೆ.

ಫೀಲ್ಡ್ ಮೇಲ್ವಿಚಾರಕಿ
ಜಿಪಿಎಸ್ ಹಿನ್ನೆಲೆಯಲ್ಲಿ ಇದ್ದರೆ ತೊಂದರೆಯಿಲ್ಲ ಅಂತ ನನ್ನ ಅಭಿಪ್ರಾಯ. ಬೀಗದ ಹಾಗೆ ಬಳಸಬೇಡಿ, ಅಷ್ಟೇ.

ಆಶಾಳ ಮಗಳು
ಹಿನ್ನೆಲೆಯಲ್ಲಿ ಇರುವುದನ್ನು ಅವರಿಗೆ ಹೇಳಿರುತ್ತೀರಾ?

ಕೋಡಿಂಗ್ ಕಿಟ್ಟಿ
ನ್ಯಾಯವಾದ ಪ್ರಶ್ನೆ. ಹೇಳಲೇಬೇಕು. ಬೇರೆ ಒಂದು ತೊಡಕು ನೆನಪಾಯಿತು. ತವರಿನ ಊರಿನ ಹೆಸರನ್ನು ಆಶಾ ಟೈಪ್ ಮಾಡುವ ಹಾಗೆ ಬಿಡಬೇಡಿ. ಹೊಸಹಳ್ಳಿ, ಹೊಸೂರು ಎಷ್ಟಿವೆ ಲೆಕ್ಕವಿಲ್ಲ. ಸರ್ಕಾರದ ಎಲ್‌ಜಿಡಿ ಪಟ್ಟಿಯಲ್ಲಿ ಪ್ರತಿ ಊರಿಗೂ ಕೋಡ್ ಇದೆ. ತಾಲೂಕು, ಗ್ರಾಮ ಪಂಚಾಯ್ತಿ, ಊರು ಅಂತ ಆರಿಸುವ ಪಟ್ಟಿಯನ್ನು ಫೋನಿನಲ್ಲೇ ಇಡಿ, ನೆಟ್ ಇಲ್ಲದಾಗಲೂ ಸಿಗಲಿ.

ಬಿಸಿಲನಾಡು
ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಅನುಮತಿ ಪಡೆದು ಪಟ್ಟಿ ನೋಡಿ ಬಂದೆವು. ಆ ತಿಂಗಳು 41 ಹೆರಿಗೆ. 25 ಜನ ಗಂಡನ ಮನೆಯಲ್ಲೇ ಇದ್ದರು, ಅವರಲ್ಲಿ 22 ಮಕ್ಕಳಿಗೆ ಏಳನೇ ದಿನದ ಭೇಟಿ ಆಗಿದೆ. 16 ಜನ ತವರಿಗೆ ಹೋಗಿದ್ದರು. ಅವರಲ್ಲಿ 5 ಮಕ್ಕಳಿಗೆ ಮಾತ್ರ ಆಗಿದೆ. ಇಷ್ಟು ವ್ಯತ್ಯಾಸ ಇದೆ ಅಂತ ಅಲ್ಲಿನವರಿಗೂ ಗೊತ್ತಿರಲಿಲ್ಲ. ಒಟ್ಟು ಲೆಕ್ಕದಲ್ಲಿ ಅದು ಮುಚ್ಚಿಹೋಗಿತ್ತು.

ಗಣಿತ ಮೇಷ್ಟ್ರು
25ಕ್ಕೆ 22 ಅಂದರೆ ಶೇ 88. 16ಕ್ಕೆ 5 ಅಂದರೆ ಶೇ 31. ಪತ್ರಕ್ಕೆ ಶೇಕಡಾ ಬಳಸಬೇಡಿ, 16ರಲ್ಲಿ 5 ಅಂತಲೇ ಬರೆಯಿರಿ. ಇಷ್ಟು ಸಣ್ಣ ಸಂಖ್ಯೆಗೆ ಶೇಕಡಾ ಹಾಕಿದರೆ ಇಲ್ಲದ ಭರವಸೆ ಕೊಟ್ಟ ಹಾಗಾಗುತ್ತದೆ. ಒಂದೇ ತಿಂಗಳದ್ದು ಅಂತಲೂ ಹೇಳಿ.

ತುಂಗಾತೀರ
ಮೇಷ್ಟ್ರ ಮಾತು ನೂರಕ್ಕೆ ನೂರು. ಈಗ ಮೊದಲ ಪ್ಯಾರಾ ಹೀಗೆ ಬರೆದು ನೋಡಿ:

"ನಮ್ಮ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಒಂದು ತಿಂಗಳು 41 ಹೆರಿಗೆ ಆದವು. ತವರಿಗೆ ಹೋದ 16 ಬಾಣಂತಿಯರ ಮಕ್ಕಳಲ್ಲಿ 5 ಮಕ್ಕಳನ್ನು ಮಾತ್ರ ಏಳನೇ ದಿನ ಆಶಾ ಕಾರ್ಯಕರ್ತೆ ನೋಡಿದ್ದಾರೆ. ಗಂಡನ ಮನೆಯಲ್ಲಿದ್ದ 25ರಲ್ಲಿ 22 ಮಕ್ಕಳನ್ನು ನೋಡಿದ್ದಾರೆ. ತವರೂರಿನ ಆಶಾಗೆ ಸುದ್ದಿ ತಲುಪದಿರುವುದೇ ಇದಕ್ಕೆ ಮುಖ್ಯ ಕಾರಣ ಎಂದು ನಮ್ಮ ಅಂದಾಜು. ಎಂಟನೇ ತಿಂಗಳ ಭೇಟಿಯಲ್ಲಿ ಹೆರಿಗೆಯ ಊರು ಕೇಳಿ, ಆ ಊರಿನ ಆಶಾ ಫೋನಿಗೆ ಹೆಸರು ಕಳಿಸುವ, ಎರಡು ದಿನದಲ್ಲಿ ಅವರು ಒಪ್ಪಿಕೊಳ್ಳದಿದ್ದರೆ ಆಶಾಗಳ ಮೇಲ್ವಿಚಾರಣೆ ಮಾಡುವ ಫೆಸಿಲಿಟೇಟರ್‌ಗೆ ತಿಳಿಸುವ ವ್ಯವಸ್ಥೆಯನ್ನು ಅವ್ನಿ ಎಂಬ ಓಪನ್ ಸೋರ್ಸ್ ತಂತ್ರಾಂಶದ ಮೇಲೆ ಕಟ್ಟಿದ್ದೇವೆ. ಒಂದು ತಾಲೂಕಿನ 200 ಆಶಾ ಕಾರ್ಯಕರ್ತೆಯರೊಂದಿಗೆ ಒಂದು ವರ್ಷ ಇದನ್ನು ನಡೆಸಲು ಇಷ್ಟು ರೂಪಾಯಿ ಕೋರುತ್ತೇವೆ."

ಎರಡನೇ ಪ್ಯಾರಾದಲ್ಲಿ ಆಶಾಗೆ ಎರಡು ಸಲ ಬರೆಯುವುದು ಹೇಗೆ ತಪ್ಪುತ್ತದೆ ಎಂಬುದು ಬರಲಿ. ಮೂರನೆಯದರಲ್ಲಿ ಬಜೆಟ್. ಜೊತೆಗೆ ತಾಲೂಕು ಆರೋಗ್ಯಾಧಿಕಾರಿಗಳ ಪತ್ರ ಇರಲೇಬೇಕು. ಆಶಾ ನಿಮ್ಮ ನೌಕರರಲ್ಲ. ಬಾಯಿಮಾತಿನ ಒಪ್ಪಿಗೆ ವರ್ಗಾವಣೆ ಆದ ದಿನ ಹೋಗುತ್ತದೆ.

ಬಿಸಿಲನಾಡು
ಎರಡು ಸಲ ಬರೆಯುವುದನ್ನು ಪೂರ್ತಿ ತಪ್ಪಿಸಲು ನಮ್ಮ ಕೈಲಿ ಆಗಲ್ಲ. ಸರ್ಕಾರಿ ಪೋರ್ಟಲ್‌ಗೆ ನಮ್ಮಿಂದ ನೇರ ಜೋಡಣೆ ಇಲ್ಲ. ಭೇಟಿಯ ಫಾರ್ಮನ್ನು ಡೈರಿಯ ಕ್ರಮದಲ್ಲೇ ಮುದ್ರಿಸಿ ಕೊಡಬಹುದು, ಅವರು ಅಂಟಿಸಿಕೊಳ್ಳಬಹುದು. ಅದಕ್ಕೂ ಅಧಿಕಾರಿಗಳು ಒಪ್ಪಬೇಕು.

ತುಂಗಾತೀರ
ಅದನ್ನೇ ಹಾಗೇ ಬರೆಯಿರಿ. ಆಗದಿರುವುದನ್ನು ಆಗುತ್ತದೆ ಅನ್ನಬೇಡಿ.

ಆಶಾಳ ಮಗಳು
ಒಂದು ವಿಷಯ ಯಾರೂ ಎತ್ತಲಿಲ್ಲ. ಭೇಟಿಗಳೆಲ್ಲ ಮುಗಿದ ಮೇಲೆ ಆಶಾಗೆ ಒಂದು ಮಗುವಿಗೆ 250 ರೂಪಾಯಿ. ತವರಿನ ಆಶಾ ಮೂರು ಸಲ ಹೋಗಿ, ಅಮ್ಮ ಮೂರು ಸಲ ಹೋದರೆ ದುಡ್ಡು ಯಾರಿಗೆ? ಈಗ ಅದು ಪ್ರತಿ ಸಲ ಜಗಳ. ಆ್ಯಪ್ ಹೆಸರು ದಾಟಿಸಿದ ಕೂಡಲೇ ಅಮ್ಮನ ಪಟ್ಟಿಯಿಂದ ಮಗು ಹೋಯಿತು ಅಂದರೆ ಅಮ್ಮ ದಾಟಿಸುವುದೇ ಇಲ್ಲ.

ಫೀಲ್ಡ್ ಮೇಲ್ವಿಚಾರಕಿ
ನಮ್ಮಲ್ಲೂ ಇದೇ ಆಗಿದ್ದು. ಹೆಸರು ಎರಡೂ ಪಟ್ಟಿಯಲ್ಲಿ ಉಳಿಯಬೇಕು, ಯಾವ ಭೇಟಿ ಯಾರು ಮಾಡಿದರು ಅಂತ ಎದುರಿಗೇ ಕಾಣಬೇಕು. ಹಂಚುವುದು ಹೇಗೆ ಅಂತ ತಾಲೂಕು ಕಚೇರಿಯಿಂದ ಬರಹದಲ್ಲಿ ಪಡೆಯಿರಿ, ಪತ್ರ ಕಳಿಸುವ ಮೊದಲೇ.

ಲೆಕ್ಕಪತ್ರ
ಮತ್ತೆ ಗರ್ಭಿಣಿಯ ಒಪ್ಪಿಗೆ? 2023ರ ಡೇಟಾ ಸಂರಕ್ಷಣಾ ಕಾಯ್ದೆ ಇದೆ. ಪತ್ರಕ್ಕೆ ಹಾಕಿರುವ ಸ್ಕ್ರೀನ್‌ಶಾಟ್‌ನಲ್ಲಿ ಹೆಸರು, ಫೋನ್ ನಂಬರ್ ಕಾಣುತ್ತಿದೆ ಅಂತ ನೀವು ಕಳಿಸಿದ ಫೈಲಿನಲ್ಲಿ ನೋಡಿದೆ.

ಬಿಸಿಲನಾಡು
ಅವು ಪರೀಕ್ಷೆಗೆ ಹಾಕಿದ ಕಾಲ್ಪನಿಕ ಹೆಸರುಗಳು. ಚಿತ್ರದ ಕೆಳಗೆ ಹಾಗಂತ ಬರೆಯುತ್ತೇವೆ. ಒಪ್ಪಿಗೆ ಮಾತ್ರ ಇನ್ನೂ ಯೋಚನೆ. ತವರು ಎಲ್ಲಿ ಅಂತ ಹೇಳಲು ಕೆಲವರು ಅತ್ತೆಯ ಮುಖ ನೋಡುತ್ತಾರೆ.

ಆಶಾಳ ಮಗಳು
ಅತ್ತೆ ಎದುರಿಗೆ ಕೇಳಬೇಡಿ. ತಿಂಗಳ ತಪಾಸಣೆಗೆ ಉಪಕೇಂದ್ರಕ್ಕೆ ಬಂದಾಗ ಬಿಪಿ ನೋಡುವ ಹೊತ್ತಿಗೆ ಅವಳೊಬ್ಬಳೇ ಇರುತ್ತಾಳೆ, ಆಗ ಕೇಳಿ. ಅವಳ ತಾಯಿಯ ಫೋನ್ ನಂಬರ್ ಕೂಡ ಆಗಲೇ ತಗೊಳ್ಳಿ. ಗಂಡನ ನಂಬರಿಗೆ ಮಾಡಿದರೆ ಹೆರಿಗೆ ಆದಮೇಲೆ ಯಾರೂ ಎತ್ತಲ್ಲ.

ಫೀಲ್ಡ್ ಮೇಲ್ವಿಚಾರಕಿ
ಹೌದು, ಆದರೆ ತಾಯಿಯ ನಂಬರ್ ಇಟ್ಟುಕೊಳ್ಳಲು ತಾಯಿಯ ಒಪ್ಪಿಗೆಯೂ ಬೇಕಲ್ವಾ? ಇದಕ್ಕೆ ವಕೀಲರು ಯಾರಾದರೂ ಇದ್ದರೆ ಹೇಳಿ.